ಮೊದಲು ನೋಟ್ಸ್ ಮುಗಿಸಬೇಕಾ, ದಿನಾ ಪ್ರಶ್ನೆ ಬರೀಬೇಕಾ? ಎರಡನ್ನೂ ಮಾಡಿ ನೋಡಿದೆ

ನಾನು ವಿಜಯಪುರದಲ್ಲಿ ಬಿ.ಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಐದನೇ ಸೆಮಿಸ್ಟರ್‌ನಲ್ಲಿ ನನಗೆ ತಲೆನೋವಾಗಿದ್ದು ಮೂರು ವಿಷಯ: ಚೈಲ್ಡ್ ಹೆಲ್ತ್, ಮೆಂಟಲ್ ಹೆಲ್ತ್, ಕಮ್ಯುನಿಟಿ. ಇವಕ್ಕೇ ಎರಡು ಸಲ ನಾಲ್ಕು ವಾರದ ಟೈಮ್‌ಟೇಬಲ್ ಹಾಕಿದೆ. ಪ್ರಿಪರೇಟರಿಗೆ ಒಂದು ಥರ, ಯುನಿವರ್ಸಿಟಿ ಪರೀಕ್ಷೆಗೆ ಇನ್ನೊಂದು ಥರ. ಎರಡನೇ ಸಲಕ್ಕೆ ಒಂದು ಲಾಭ ಇತ್ತು, ಪಾಠ ಆಗಲೇ ಒಮ್ಮೆ ಓದಿಯಾಗಿತ್ತು. ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಮುಂದಿನದನ್ನು ಓದಿ.

ಮೊದಲು ಹಾಸ್ಟೆಲ್ ಲೆಕ್ಕ. ನಮ್ಮ ರೂಮಿನಲ್ಲಿ ನಾಲ್ಕು ಜನ. ಬೆಳಿಗ್ಗೆ 8ರಿಂದ 2ರವರೆಗೆ ಪೋಸ್ಟಿಂಗ್. ಬಂದು ಊಟ ಮಾಡಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಓದಲು ಸಿಗುವುದು ಸಂಜೆ 5ರಿಂದ 7, ಊಟ ಆದ ಮೇಲೆ 9ರಿಂದ 10.30, ಬೆಳಿಗ್ಗೆ ಎದ್ದರೆ 5.30ರಿಂದ ಒಂದು ತಾಸು. ಕಾಗದದ ಮೇಲೆ ನಾಲ್ಕೂವರೆ ತಾಸು, ನಿಜಕ್ಕೂ ಮೂರೂವರೆ. ಇದಕ್ಕಿಂತ ಜಾಸ್ತಿ ಹಾಕಿದ ಟೈಮ್‌ಟೇಬಲ್ ಮೂರನೇ ದಿನವೇ ಹರಿದುಹೋಗುತ್ತದೆ.

ಮೊದಲನೇ ಥರ ಎಲ್ಲರೂ ಮಾಡುವಂಥದ್ದೇ. ಮೂರು ವಾರ ನೋಟ್ಸ್, ವಾರಕ್ಕೊಂದು ವಿಷಯ. ಕೊನೆಯ ವಾರ ಹಳೆಯ ಪ್ರಶ್ನೆಪತ್ರಿಕೆ. ಓದುವಾಗ ಬಹಳ ಹಿತ ಅನ್ನಿಸಿತು. ಹಸಿರು ಪೆನ್ನಿನಲ್ಲಿ ಗೆರೆ ಎಳೆದೆ, ಪುಟ ತಿರುವಿದರೆ ಎಲ್ಲಾ ಗುರುತು ಸಿಗುತ್ತಿತ್ತು. ಆದರೆ ಮೂರನೇ ವಾರ ಕಮ್ಯುನಿಟಿ ಓದುವ ಹೊತ್ತಿಗೆ ಮೊದಲ ವಾರದ ಚೈಲ್ಡ್ ಹೆಲ್ತ್ ಮಸುಕಾಗಿತ್ತು. ನೋಟ್ಸ್ ನಾಲ್ಕನೇ ವಾರಕ್ಕೂ ಉಕ್ಕಿ ಬಂತು. ಹತ್ತು ಪತ್ರಿಕೆ ಬರೆಯಬೇಕು ಅಂದುಕೊಂಡಿದ್ದೆ, ಬರೆದದ್ದು ಎರಡು.

ಪ್ರಿಪರೇಟರಿಯಲ್ಲಿ ಕೈಕೊಟ್ಟದ್ದು ಯಾವುದು ಅಂತ ಹೇಳುತ್ತೇನೆ. ಎಂಟು ತಿಂಗಳ ಮಗು, ತೂಕ 7 ಕೆಜಿ, ವಾಂತಿ ಭೇದಿಯಿಂದ ತೀವ್ರ ನಿರ್ಜಲೀಕರಣ. ಪ್ಲಾನ್ ಸಿ ಪ್ರಕಾರ ಎಷ್ಟು ಫ್ಲೂಯಿಡ್, ಎಷ್ಟು ಹೊತ್ತಿನಲ್ಲಿ? ಕೆಜಿಗೆ ಒಟ್ಟು 100 ಎಂಎಲ್ ರಿಂಗರ್ ಲ್ಯಾಕ್ಟೇಟ್, ಅದರಲ್ಲಿ ಮೊದಲು 30, ಆಮೇಲೆ 70 ಅಂತ ನೆನಪಿತ್ತು. ಹೊತ್ತು ಕಲಸಿಹೋಗಿತ್ತು. ಅರ್ಧ ತಾಸಿನಲ್ಲಿ 210 ಎಂಎಲ್ ಅಂತ ಬರೆದು ಬಂದೆ. ಅದು ಒಂದು ವರ್ಷ ದಾಟಿದ ಮಕ್ಕಳ ಲೆಕ್ಕ. ವರ್ಷದೊಳಗಿನ ಕೂಸಿಗೆ ಮೊದಲ 210 ಎಂಎಲ್ ಒಂದು ತಾಸಿನಲ್ಲಿ, ಉಳಿದ 490 ಎಂಎಲ್ ಐದು ತಾಸಿನಲ್ಲಿ. ದೊಡ್ಡ ಮಕ್ಕಳಿಗೆ ಅರ್ಧ ತಾಸು, ಆಮೇಲೆ ಎರಡೂವರೆ ತಾಸು.

ರೂಮಿಗೆ ಬಂದು ನೋಟ್ಸ್ ತೆಗೆದರೆ ಅದೇ ಸಾಲಿನ ಕೆಳಗೆ ನನ್ನ ಹಸಿರು ಗೆರೆ! ಪಕ್ಕದ ಮಂಚದ ಗೆಳತಿ ಇಣುಕಿ ನೋಡಿ ನಕ್ಕಳು. "ಗೆರಿ ಎಳಿಯೋದು ಬ್ಯಾರೆ, ಬರಿಯೋದು ಬ್ಯಾರೆ ಐತಿ ನೋಡವಾ."

ಎರಡನೇ ಥರದಲ್ಲಿ ದಿನಾ ನೋಟ್ಸ್, ದಿನಾ ಪ್ರಶ್ನೆ. ಇಲ್ಲೂ ಮೊದಲು ಒಂದು ತಪ್ಪು ಮಾಡಿದೆ. ಸಂಜೆ ಓದಿದ ಪಾಠದ ಪ್ರಶ್ನೆಯನ್ನೇ ಅವತ್ತು ರಾತ್ರಿ ಬಿಡಿಸುತ್ತಿದ್ದೆ. ಹತ್ತಕ್ಕೆ ಒಂಬತ್ತು ಸರಿ. ಖುಷಿಯೋ ಖುಷಿ. ಅದೇ ಪ್ರಶ್ನೆಗಳನ್ನು ಮೂರು ದಿನ ಬಿಟ್ಟು ನೋಡಿದರೆ ಐದು. ಆಗ ಗೊತ್ತಾಯಿತು, ರಾತ್ರಿ ನಾನು ನೆನಪಿನಿಂದ ಬರೆಯುತ್ತಿರಲಿಲ್ಲ, ಈಗಷ್ಟೇ ಕಣ್ಣಿಗೆ ಬಿದ್ದದ್ದನ್ನು ಒಪ್ಪಿಸುತ್ತಿದ್ದೆ. ಅವತ್ತಿನಿಂದ ನಿಯಮ ಬದಲಿಸಿದೆ. ಇವತ್ತಿನ ನೋಟ್ಸಿಗೆ ಇವತ್ತು ಪ್ರಶ್ನೆ ಇಲ್ಲ. ಸೋಮವಾರ ಓದಿದ್ದಕ್ಕೆ ಪ್ರಶ್ನೆ ಗುರುವಾರ, ಮತ್ತೆ ಮುಂದಿನ ಸೋಮವಾರ. ನೋಟ್ಸ್ ಮುಚ್ಚಿಟ್ಟು, ಪೆನ್ನು ಹಿಡಿದು.

ಒಂದು ದಿನ ಹೀಗಿರುತ್ತಿತ್ತು. ಬೆಳಿಗ್ಗೆ ಹತ್ತು ಚಿಕ್ಕ ಪ್ರಶ್ನೆ, ಮೂರು ದಿನದ ಹಿಂದಿನ ಪಾಠದ್ದು. ಸಂಜೆ ಹೊಸ ಪಾಠದ ನೋಟ್ಸ್. ರಾತ್ರಿ ಒಂದು ದೊಡ್ಡ ಉತ್ತರ, ಗಡಿಯಾರ ಇಟ್ಟುಕೊಂಡು. ನಮಗೆ ಥಿಯರಿ 75 ಅಂಕ, ಮೂರು ತಾಸು. ಅಂದರೆ ಅಂಕಕ್ಕೆ ಎರಡು ನಿಮಿಷ ಚಿಲ್ಲರೆ. ಹಾಗಾಗಿ 10 ಅಂಕದ ಪ್ರಶ್ನೆಗೆ 20 ನಿಮಿಷ ಕಟ್ಟಿದೆ. ಮೊದಲ ವಾರ 35 ನಿಮಿಷ ಹಿಡಿಯಿತು. ಡೆಫಿನಿಷನ್ ಮತ್ತು ಕಾರಣಗಳಿಗೇ ಒಂದೂವರೆ ಪುಟ ಹೋಗುತ್ತಿತ್ತು, ನರ್ಸಿಂಗ್ ಮ್ಯಾನೇಜ್‌ಮೆಂಟ್ ಬರುವಷ್ಟರಲ್ಲಿ ಕೈ ಸೋಲುತ್ತಿತ್ತು. ಅಂಕ ಇರುವುದೇ ಅಲ್ಲಿ, ಅಲ್ವಾ? ಇದು ನೋಟ್ಸ್ ಓದಿ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ತಪ್ಪಿದ್ದಕ್ಕೆ ಒಂದು 100 ಪುಟದ ನೋಟ್‌ಬುಕ್ ಇಟ್ಟೆ. ಪ್ರತಿ ತಪ್ಪಿನ ಪಕ್ಕ ಒಂದು ಮಾತು: ಗೊತ್ತಿರಲಿಲ್ಲ, ಕಲಸಿತು, ಇಲ್ಲಾ ಪ್ರಶ್ನೆ ಸರಿಯಾಗಿ ಓದಲಿಲ್ಲ. ಗೊತ್ತಿಲ್ಲದ್ದಕ್ಕೆ ಮಾತ್ರ ನೋಟ್ಸಿಗೆ ವಾಪಸ್ ಹೋಗುತ್ತಿದ್ದೆ. ಕಲಸಿದ್ದಕ್ಕೆ ಮತ್ತೆ ಓದಿದರೆ ಉಪಯೋಗ ಇಲ್ಲ, ಎರಡನ್ನೂ ಅಕ್ಕಪಕ್ಕ ಬರೆಯಬೇಕು. ಪ್ಲಾನ್ ಸಿ ಹೊತ್ತು ಈ ಸಲವೂ ಮೊದಲ ಗುರುವಾರ ತಪ್ಪಿತು. ನಂಬುತ್ತೀರಾ? ಆಗ ಕೂಸು ಮತ್ತು ದೊಡ್ಡ ಮಗು ಅಂತ ಎರಡು ಕಾಲಮ್ ಹಾಕಿದೆ. ಹನಿ ಲೆಕ್ಕವನ್ನೂ ಸೇರಿಸಿದೆ. ಎಂಎಲ್‌ಗೆ 20 ಹನಿಯ ಸೆಟ್ಟಿನಲ್ಲಿ 210 ಎಂಎಲ್ ಒಂದು ತಾಸಿಗೆ ಅಂದರೆ ನಿಮಿಷಕ್ಕೆ 70 ಹನಿ. ಅರ್ಧ ತಾಸು ಅಂತ ಬರೆದಿದ್ದರೆ 140. ಎಂಟು ತಿಂಗಳ ಕೂಸಿಗೆ ಅಷ್ಟು ವೇಗ! ವಾರ್ಡಿನಲ್ಲಿ ಹನಿ ಎಣಿಸಿದ ಮೇಲೆ ಆ 140 ನೋಡಿದರೇ ಎದೆ ಝಲ್ ಅನ್ನುತ್ತದೆ. ಮುಂದಿನ ಸೋಮವಾರ ತಪ್ಪಲಿಲ್ಲ.

ವಾರ ಕಳೆದಂತೆ ಪಾಲು ಬದಲಾಯಿತು. ಮೊದಲ ವಾರ ನೋಟ್ಸ್ ಎರಡು ಪಾಲು, ಪ್ರಶ್ನೆ ಒಂದು. ಎರಡನೇ ವಾರ ಸರಿಸಮ. ಮೂರನೇ ವಾರ ಮೊದಲು ಪ್ರಶ್ನೆ, ತಪ್ಪಿದಲ್ಲಿ ಮಾತ್ರ ನೋಟ್ಸ್. ನಾಲ್ಕನೇ ವಾರ ದಿನ ಬಿಟ್ಟು ದಿನ ಮೂರು ತಾಸಿನ ಪೂರ್ತಿ ಪತ್ರಿಕೆ, ವಿಷಯಕ್ಕೊಂದು. ನಡುವಿನ ದಿನ ತಪ್ಪಿನ ನೋಟ್‌ಬುಕ್.

ಇದಕ್ಕೂ ಕೊರತೆ ಉಂಟು. ಕಮ್ಯುನಿಟಿಯ ಎರಡು ಯೂನಿಟ್ ನಾನು ಕ್ಲಾಸಿನಲ್ಲೂ ಕೇಳಿರಲಿಲ್ಲ, ಪ್ರಿಪರೇಟರಿಗೂ ಬಿಟ್ಟಿದ್ದೆ. ಅಲ್ಲಿ ಪ್ರಶ್ನೆ ಬಿಡಿಸುವುದು ಸುಮ್ನೆ ಊಹೆ ಮಾಡಿದಂತಾಯಿತು. ಎರಡು ದಿನ ಪ್ರಶ್ನೆ ಬದಿಗಿಟ್ಟು, ಮೊದಲನೇ ಥರದಂತೆ ಕೂತು ಓದಿದೆ. ಒಮ್ಮೆಯೂ ಓದದ ಪಾಠಕ್ಕೆ ಅದೇ ಸರಿ. ಇನ್ನೊಂದು ತೊಂದರೆ ನೈಟ್ ಡ್ಯೂಟಿ. ಆ ವಾರ ದೊಡ್ಡ ಉತ್ತರ ಬರೆಯಲು ಆಗಲಿಲ್ಲ. ಬರೆದ ಒಂದು ಉತ್ತರವನ್ನು ಮರುದಿನ ನಾನೇ ಓದಲು ಆಗಲಿಲ್ಲ, ಅಕ್ಷರ ಹಾಗಿತ್ತು. ಹಳೆಯ ತಪ್ಪುಗಳಿಂದ ಐದು ಚಿಕ್ಕ ಪ್ರಶ್ನೆ ಮಾತ್ರ ಮಾಡಿ ಮಲಗಿದೆ. ಬಿಟ್ಟ ದೊಡ್ಡ ಉತ್ತರಗಳನ್ನು ಮುಂದಿನ ವಾರಕ್ಕೆ ಪೇರಿಸಲಿಲ್ಲ, ಕೈಬಿಟ್ಟೆ.

ದೊಡ್ಡ ಉತ್ತರವನ್ನು ತಿದ್ದುವವರು ಯಾರು ಅನ್ನುವುದು ಕೊನೆಗೂ ಪೂರ್ತಿ ಬಗೆಹರಿಯಲಿಲ್ಲ. ನನ್ನದನ್ನು ನಾನೇ ನೋಡಿದರೆ ಎಲ್ಲಾ ಚಂದ ಕಾಣುತ್ತದೆ. ಗೆಳತಿ ಮತ್ತು ನಾನು ಪುಸ್ತಕ ಅದಲುಬದಲು ಮಾಡಿಕೊಂಡೆವು. ಅವಳು ನನಗೆ ಹತ್ತಕ್ಕೆ ನಾಲ್ಕು ಕೊಟ್ಟ ದಿನ ಮೆಸ್ಸಿನಲ್ಲಿ ಬೇರೆ ಬೇರೆ ಕೂತು ರೊಟ್ಟಿ ತಿಂದೆವು. ರಾತ್ರಿ ಪುಸ್ತಕ ಮತ್ತೆ ಅವಳ ಮಂಚದ ಮೇಲೇ ಇಟ್ಟೆ.