ಸ್ಟಾಡ್ ಪ್ರೊ ದೀರ್ಘ ಬಳಕೆಯ ವಿಮರ್ಶೆ: ರಿಯಾಕ್ಷನ್ ಮೊತ್ತ ತಾಳೆಯಾದ ಮಾತ್ರಕ್ಕೆ ಮಾಡೆಲ್ ಸರಿಯಲ್ಲ

ಪುಣೆ, ಪಿಂಪ್ರಿ-ಚಿಂಚವಡ ಕಡೆಯ ಡಿಸೈನ್ ಆಫೀಸುಗಳಲ್ಲಿ ಕಟ್ಟಡದ ಸ್ಟ್ರಕ್ಚರಲ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಸ್ಟಾಡ್ ಹಳೆಯ ಪರಿಚಯ. ಅದರ ಡಿಸೈನ್ ಮಾಡ್ಯೂಲ್, ರೆಂಡರಿಂಗ್ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಈ ವಿಮರ್ಶೆ ಒಂದೇ ಒಂದು ಸೌಲಭ್ಯದ್ದು: ಅನಾಲಿಸಿಸ್ ಮುಗಿದ ಮೇಲೆ ಔಟ್‌ಪುಟ್ ಫೈಲಿನಲ್ಲಿ ಬರುವ ಸ್ಟ್ಯಾಟಿಕ್ಸ್ ಚೆಕ್. ಇದನ್ನು ಸರಿಯಾಗಿ ಬಳಸುವವರಿಗೆ ಐದಕ್ಕೆ ನಾಲ್ಕೂವರೆ ಅಂಕದ ಸಾಧನ. ಬಳಸಲು ಬಾರದವರಿಗೆ ಸುಳ್ಳು ಧೈರ್ಯ ಕೊಡುವ ಸಾಧನ.

`PERFORM ANALYSIS PRINT STATICS CHECK` ಎಂದು ಬರೆದರೆ ಪ್ರತಿ ಲೋಡ್ ಕೇಸಿಗೂ `TOTAL APPLIED LOAD` ಮತ್ತು `TOTAL REACTION LOAD` ಎರಡೂ ಅಚ್ಚಾಗುತ್ತವೆ. ಎರಡೂ ಸಮ ಬಂದರೆ ಹಲವರು ಅಲ್ಲಿಗೇ ಫೈಲ್ ಮುಚ್ಚುತ್ತಾರೆ. ಆದರೆ ಇವೆರಡೂ ಹುಟ್ಟುವುದು ನೀವು ಟೈಪ್ ಮಾಡಿದ ಒಂದೇ ಇನ್‌ಪುಟ್‌ನಿಂದ. ಗೋಡೆಯ ಭಾರ ಹತ್ತರಲ್ಲಿ ಒಂದು ಪಾಲು ಹಾಕಿದ್ದರೆ ರಿಯಾಕ್ಷನ್ ಕೂಡ ಅಷ್ಟೇ ಕಡಿಮೆ ಬಂದು ಚೊಕ್ಕವಾಗಿ ತಾಳೆಯಾಗುತ್ತದೆ. ಈ ಸಮತೆ ಹೇಳುವುದು ಸಮೀಕರಣಗಳು ಸರಿಯಾಗಿ ಬಿಡಿಸಲ್ಪಟ್ಟಿವೆ ಎಂದಷ್ಟೇ. ಅದು ತಪ್ಪಿದರೆ ಇನ್‌ಸ್ಟೆಬಿಲಿಟಿ ವಾರ್ನಿಂಗ್ ಹುಡುಕಬೇಕು. ಲೋಡ್ ಸರಿಯಿದೆಯೇ ಎಂಬುದಕ್ಕೆ ಮೂರನೆಯದೊಂದು ಸಂಖ್ಯೆ ಬೇಕು. ಅದು ಕಾಗದದ ಮೇಲೆ ಕೈಯಲ್ಲಿ ಕೂಡಿದ ಮೊತ್ತ.

ಉದಾಹರಣೆಗೆ ಈ ಊರಿನ ಮಾಮೂಲಿ ಕಟ್ಟಡವೊಂದನ್ನೇ ಹಿಡಿಯೋಣ: ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಅದರ ಮೇಲೆ ಟೆರೇಸ್. ಪ್ಲಾನ್ 12 × 15 ಮೀ. X ದಿಕ್ಕಿಗೆ 4 ಮೀಟರಿನ ಮೂರು ಬೇ, Z ದಿಕ್ಕಿಗೆ 5 ಮೀಟರಿನ ಮೂರು ಬೇ. 300 × 450 ಕಾಲಂ 16, ಬೀಮ್ ಎಲ್ಲ 230 × 450. ಫುಟಿಂಗ್‌ನಿಂದ ಮೊದಲ ಸ್ಲ್ಯಾಬಿಗೆ 4.5 ಮೀ, ಆಮೇಲೆ ಮೂರು ಮೂರು ಮೀಟರ್, ಒಟ್ಟು 13.5. ಲೆಕ್ಕ ಹಗುರವಾಗಲಿ ಎಂದು ಪ್ಲಿಂತ್ ಬೀಮ್ ಮತ್ತು ಮೆಟ್ಟಿಲು ಬಿಟ್ಟಿದೆ. (ಪಾರ್ಕಿಂಗ್ ಮಹಡಿಯ ಸಾಫ್ಟ್ ಸ್ಟೋರಿ ತಕರಾರು ಬೇರೆಯದೇ ಜಗಳ, ಇಲ್ಲಿ ಬೇಡ.)

ಮೊದಲು ಸ್ವಂತ ಭಾರ. ಒಂದು ಮಹಡಿಗೆ ಬೀಮ್ ಉದ್ದ 4 × 12 + 4 × 15 = 108 ಮೀ. ಮೀಟರಿಗೆ 0.23 × 0.45 × 25 = 2.5875 ಕಿಲೋನ್ಯೂಟನ್. ನಾಲ್ಕು ಮಟ್ಟಕ್ಕೆ 1117.8. ಕಾಲಂ 16 × 13.5 = 216 ಮೀ, ಮೀಟರಿಗೆ 3.375, ಒಟ್ಟು 729. ಎರಡೂ ಸೇರಿ 1846.8 ಕಿಲೋನ್ಯೂಟನ್.

ಇಲ್ಲಿ ಒಂದು ಎಚ್ಚರಿಕೆ. ಕೈಲೆಕ್ಕವನ್ನು ಸಾಫ್ಟ್‌ವೇರ್ ಎಣಿಸುವ ರೀತಿಯಲ್ಲೇ ಎಣಿಸಬೇಕು. ಅದು ನೋಡ್‌ನಿಂದ ನೋಡ್‌ಗೆ ಪೂರ್ತಿ ಉದ್ದ, ಪೂರ್ತಿ ಸೆಕ್ಷನ್ ಹಿಡಿಯುತ್ತದೆ. ಬೀಮಿನ ಮೇಲಿನ 125 ಮಿಮೀ ಸ್ಲ್ಯಾಬಿಗೂ ಸೇರಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಬಿಲ್ಲಿಂಗ್ ಮಾಡುವವರ ಹಾಗೆ ಆ ಭಾಗ ಕಳೆದರೆ ನಿಮ್ಮ ಮೊತ್ತ 310.5 ಕಿಲೋನ್ಯೂಟನ್ ಕಡಿಮೆ ಬರುತ್ತದೆ, ಇಲ್ಲದ ತಪ್ಪು ಹುಡುಕುತ್ತಾ ಮಧ್ಯಾಹ್ನ ಕಳೆಯುತ್ತೀರಿ.

ಸ್ಲ್ಯಾಬ್ 125 ಮಿಮೀ ಅಂದರೆ ಚದರ ಮೀಟರಿಗೆ 3.125, ಫಿನಿಶ್ 1.5, ಒಟ್ಟು 4.625. ಟೆರೇಸಿನಲ್ಲಿ ಬ್ರಿಕ್‌ಬ್ಯಾಟ್ ಕೋಬಾ ಇರುವುದರಿಂದ ಫಿನಿಶ್ 3.0, ಒಟ್ಟು 6.125. 180 ಚದರ ಮೀಟರಿಗೆ ಮೂರು ಮಹಡಿ 2497.5, ಟೆರೇಸ್ 1102.5, ಕೂಡಿದರೆ 3600. ಗೋಡೆ 150 ಮಿಮೀ ಎಎಸಿ ಬ್ಲಾಕ್, ಎರಡೂ ಬದಿ ಪ್ಲಾಸ್ಟರ್ ಸೇರಿ ಚದರ ಮೀಟರಿಗೆ 1.65, ಬೀಮಿನ ಕೆಳಗೆ ಉಳಿಯುವ ಎತ್ತರ 2.55, ಹಾಗಾಗಿ ಮೀಟರಿಗೆ 4.2. ಕಿಟಕಿ ಬಾಗಿಲು ಕಳೆಯದೆ ಮೂರು ಮಹಡಿಯ ಎಲ್ಲ ಬೀಮಿಗೂ ಹಾಕಿದರೆ 1360.8. ಒಂದು ಮೀಟರ್ ಎತ್ತರದ ಪ್ಯಾರಪೆಟ್ 54 ಮೀ ಉದ್ದಕ್ಕೆ 89.1. ಗೋಡೆ ಒಟ್ಟು 1449.9. ಲೈವ್ ಲೋಡ್ ಮಹಡಿಗೆ 2.0, ಟೆರೇಸಿಗೆ 1.5, 1080 ಮತ್ತು 270 ಸೇರಿ 1350.

ಈಗ ಮಾಡೆಲ್‌ನಲ್ಲೂ ಇದೇ ವಿಂಗಡಣೆ ಇರಬೇಕು. ಎಲ್ಲವನ್ನೂ ಒಂದೇ DL ಕೇಸಿಗೆ ತುರುಕುವ ಅಭ್ಯಾಸ ಬಿಡುವುದೇ ಅರ್ಧ ತಪಾಸಣೆ.

```
UNIT METER KN
LOAD 1 SELF
SELFWEIGHT Y -1
LOAD 2 SLAB
FLOOR LOAD
YRANGE 4.5 10.5 FLOAD -4.625 GY
YRANGE 13.5 13.5 FLOAD -6.125 GY
```

ಗೋಡೆಗೆ `LOAD 3`, ಲೈವ್‌ಗೆ `LOAD 4`. ಹೋಲಿಸಬೇಕಾದ್ದು ಈ ಪ್ರೈಮರಿ ಕೇಸುಗಳನ್ನೇ. ಕಾಂಬಿನೇಶನ್ನಿನ ರಿಯಾಕ್ಷನ್ ಹಿಡಿದು ಕೈಲೆಕ್ಕದ ಜೊತೆ ಇಟ್ಟರೆ 1.5 ಪಟ್ಟು ಹೆಚ್ಚು ಕಾಣುತ್ತದೆ, ಅದು ಫ್ಯಾಕ್ಟರ್, ತಪ್ಪಲ್ಲ.

ವಿಂಗಡಿಸಿದ್ದರ ಲಾಭ ಮೊದಲ ಕೇಸಿನಲ್ಲೇ ಕಾಣುತ್ತದೆ. 1846.8 ಬರಬೇಕಾದಲ್ಲಿ 1740.5 ಬಂದಿದ್ದರೆ ಸ್ಟಾಡ್‌ನ ಡೀಫಾಲ್ಟ್ ಕಾಂಕ್ರೀಟ್ ಹಾಗೇ ಉಳಿದಿದೆ ಎಂದರ್ಥ. ಅದರ ಡೆನ್ಸಿಟಿ 23.5616, ಅಂದರೆ ಅಮೆರಿಕದ ಘನ ಅಡಿಗೆ 150 ಪೌಂಡಿನ ಲೆಕ್ಕ. ಐಎಸ್ 456 ಆರ್‌ಸಿಸಿಗೆ ಹೇಳುವುದು 25. ಈ ಕೇಸಿನಲ್ಲಿ ವ್ಯತ್ಯಾಸ ಸುಮಾರು 6 ಪರ್ಸೆಂಟ್, ಕಣ್ಣಿಗೆ ಹೊಡೆಯುತ್ತದೆ. ಡೆಡ್, ಲೈವ್ ಎಲ್ಲ ಸೇರಿದ 8246.7ರಲ್ಲಿ ಅದು ಬರೀ 1.3 ಪರ್ಸೆಂಟ್, 'ರೌಂಡಿಂಗ್ ಇರಬಹುದು' ಎಂದು ದಾಟಿಹೋಗುತ್ತದೆ.

ಯೂನಿಟ್ ತಪ್ಪುಗಳಲ್ಲಿ ಎರಡು ಜಾತಿ. ಬೊಬ್ಬೆ ಹೊಡೆಯುವವು ಮತ್ತು ಬಾಯಿ ಮುಚ್ಚಿ ಕೂರುವವು. ಸೆಕ್ಷನ್ ಅಳತೆ ಕೊಡಲು ನಡುವೆ `UNIT MMS KN` ಬರೆದು, ಲೋಡಿಗೆ ಮುಂಚೆ ಮೀಟರಿಗೆ ಮರಳದಿದ್ದರೆ 4.2 ಎಂಬುದು ಮಿಲಿಮೀಟರಿಗೆ 4.2 ಆಗಿ ಗೋಡೆ ಸಾವಿರ ಪಟ್ಟು ಏರುತ್ತದೆ; `YRANGE` ಕೂಡ ಮಿಲಿಮೀಟರ್ ಆಗುವುದರಿಂದ ಫ್ಲೋರ್ ಲೋಡ್ ಯಾವ ಮಹಡಿಗೂ ಬೀಳುವುದಿಲ್ಲ. ಇದು ಯಾರ ಕಣ್ಣಿಗೂ ಬೀಳದೆ ಇರದು. `UNIT` ಬರೆದ ಸಾಲಿನಿಂದ ಮುಂದಕ್ಕೆ, ಮತ್ತೊಂದು `UNIT` ಬರುವ ತನಕ ಜಾರಿ ಎಂಬುದು ನೆನಪಿದ್ದರೆ ಸಾಕು.

ಬಾಯಿ ಮುಚ್ಚಿ ಕೂರುವುದು ಟನ್ನಿನ ತಪ್ಪು. ಸೈಟಿನಲ್ಲಿ, ಹಳೆಯ ಲೆಕ್ಕದ ಹಾಳೆಗಳಲ್ಲಿ ಗೋಡೆ ಇನ್ನೂ ಮೀಟರಿಗೆ 0.42 ಟನ್ನೇ. ಅದನ್ನು `UNIT METER KN` ಕೆಳಗೆ 0.42 ಎಂದೇ ಟೈಪ್ ಮಾಡಿದರೆ ಏನೂ ಸಿಡಿಯುವುದಿಲ್ಲ. ಡಿಫ್ಲೆಕ್ಷನ್ ಚೆನ್ನಾಗಿ ಕಾಣುತ್ತದೆ, ಬೀಮುಗಳೆಲ್ಲ ಪಾಸ್. ಒಟ್ಟು ಭಾರ 8246.7 ಬದಲು 7022. ನಾಲ್ಕು ಸ್ಲ್ಯಾಬಿನ 720 ಚದರ ಮೀಟರಿಗೆ ಭಾಗಿಸಿ ನೋಡುವ ರೂಢಿಯೂ ಇಲ್ಲಿ ಕೈಕೊಡುತ್ತದೆ: ಸರಿ ಮಾಡೆಲ್‌ಗೆ 11.45, ತಪ್ಪು ಮಾಡೆಲ್‌ಗೆ 9.75, ಎರಡೂ ನಂಬುವಂಥ ಸಂಖ್ಯೆಯೇ. ಆದರೆ ಮೂರನೇ ಕೇಸನ್ನು ಮಾತ್ರ ನೋಡಿ. 1449.9 ಬರಬೇಕಾದಲ್ಲಿ 225.2. ಪ್ಯಾರಪೆಟ್ಟಿನ 89.1 ಕಳೆದರೆ ಉಳಿಯುವುದು 136.1, ಕೈಲೆಕ್ಕದ 1360.8ರ ಸರಿಯಾಗಿ ಹತ್ತನೇ ಒಂದು. ಹತ್ತರ ಅನುಪಾತ ಬಂದಲ್ಲೆಲ್ಲ ಟನ್ ಮೇಲೆ ಸಂಶಯಪಡಿ, ನೂರರ ಆಸುಪಾಸು ಬಂದರೆ ಕಿಲೋಗ್ರಾಂ ಮೇಲೆ.

ಅನುಪಾತ ಚೊಕ್ಕವಾಗಿ ಬರದಿದ್ದರೆ ವ್ಯತ್ಯಾಸವನ್ನೇ ನೋಡಬೇಕು. ಎರಡನೇ ಕೇಸಿನಲ್ಲಿ 832.5 ಕಡಿಮೆ ಎಂದರೆ `YRANGE` ಒಂದು ಮಹಡಿಯನ್ನು ಮುಟ್ಟಿಲ್ಲ. 92.5 ಕಡಿಮೆ ಎಂದರೆ 20 ಚದರ ಮೀಟರಿನ ಒಂದು ಪ್ಯಾನೆಲ್ ಹೋಗಿದೆ. ಸುತ್ತ ಬೀಮ್ ಮುಚ್ಚಿಕೊಳ್ಳದ ಪ್ಯಾನೆಲ್‌ಗೆ ಫ್ಲೋರ್ ಲೋಡ್ ಬೀಳುವುದಿಲ್ಲ, ಎಲ್ಲೋ ಬೀಮ್ ನೋಡ್‌ಗೆ ಕೂಡಿಲ್ಲ.

ಈ ಸೌಲಭ್ಯದ ನಿಜವಾದ ಬೆಲೆ ಇರುವುದು ಬಹಳ ಜನ ಓದದ ಸಾಲಿನಲ್ಲಿ. ಮೊತ್ತದ ಕೆಳಗೆ `SUMMATION OF MOMENTS AROUND THE ORIGIN` ಎಂದು MX, MY, MZ ಬರುತ್ತವೆ. ಕೆಳಮುಖ ಭಾರಕ್ಕೆ MZ ಅನ್ನು FY ಇಂದ ಭಾಗಿಸಿದರೆ ಭಾರದ ಕೇಂದ್ರ X ದಿಕ್ಕಿನಲ್ಲಿ ಎಲ್ಲಿದೆ ಎಂದು ಸಿಗುತ್ತದೆ, MX ಭಾಗಿಸಿದರೆ Z ದಿಕ್ಕಿನಲ್ಲಿ (ಚಿಹ್ನೆ ಬಿಟ್ಟು ನೋಡಿ). ನಮ್ಮ ಕಟ್ಟಡದ ಮೂಲೆ ಸೊನ್ನೆಯಲ್ಲಿದ್ದರೆ 6 ಮತ್ತು 7.5 ಬರಬೇಕು. ಗೋಡೆ ಕೇಸಿನ FY 1386.9, MZ 7943.4 ಬಂದಿದೆ ಎನ್ನಿ. ಕೇಂದ್ರ 5.73ಕ್ಕೆ ಸರಿದಿದೆ. ಕಾಣೆಯಾದ ಭಾರ 63, ಮೀಟರಿಗೆ 4.2ರಂತೆ ಅದು 15 ಮೀಟರ್ ಗೋಡೆ. ಕಾಣೆಯಾದ ಮೊಮೆಂಟ್ 8699.4 − 7943.4 = 756. ಅದನ್ನು 63ರಿಂದ ಭಾಗಿಸಿದರೆ 12. ಅಂದರೆ X = 12ರ ಹೊರಗೋಡೆ ಒಂದು ಮಹಡಿಯಲ್ಲಿ ಬಿಟ್ಟುಹೋಗಿದೆ. ಯಾವ ಮಹಡಿ ಎಂದು ಮಾತ್ರ ಈ ಸಂಖ್ಯೆ ಹೇಳುವುದಿಲ್ಲ, ಅದಕ್ಕೆ ಮೂರು ಮಹಡಿಯ ಲೋಡ್ ಚಿತ್ರ ನೋಡಬೇಕು.

ಇನ್ನು ಈ ತಪಾಸಣೆಗೆ ಸಿಗದ ತಪ್ಪು. ಎಂ25 ಕಾಂಕ್ರೀಟಿನ E 25000 ಮೆಗಾಪ್ಯಾಸ್ಕಲ್; ಮೀಟರ್-ಕಿಲೋನ್ಯೂಟನ್‌ನಲ್ಲಿ ಅದು 2.5e7. ಯಾರೋ 25000 ಎಂದೇ ಹಾಕಿದರೆ ಕಟ್ಟಡ ಸಾವಿರ ಪಟ್ಟು ಮೆತ್ತಗಾಗುತ್ತದೆ, ಆದರೆ ರಿಯಾಕ್ಷನ್ ಮೊತ್ತ ಕೂದಲಷ್ಟೂ ಬದಲಾಗದು. ಎಲ್ಲ ಮೆಂಬರಿಗೂ ಅದೇ E ಇದ್ದರೆ ಒಂದೊಂದು ಕಾಲಂನ ರಿಯಾಕ್ಷನ್ ಕೂಡ ಹಾಗೇ ಇರುತ್ತದೆ. ಇದಕ್ಕೆ ಒಂದು ಒಳಗಿನ ಕಾಲಂ ಕುಗ್ಗುವಿಕೆ ನೋಡಿದರೆ ಸಾಕು. 20 ಚದರ ಮೀಟರಿನ ಪಾಲಿಗೆ ಫ್ಯಾಕ್ಟರ್ ಇಲ್ಲದೆ ಸುಮಾರು 800 ಕಿಲೋನ್ಯೂಟನ್ ಬರುತ್ತದೆ. 800 × 4.5 ÷ (0.135 × 2.5e7) ಅಂದರೆ ಮೊದಲ ಸ್ಲ್ಯಾಬಿನ ನೋಡ್ 1.1 ಮಿಮೀ ಆಸುಪಾಸು ಇಳಿಯಬೇಕು. ಪರದೆಯಲ್ಲಿ ಒಂದು ಮೀಟರ್ ಇಳಿದಿದ್ದರೆ E ನೋಡಿ.

ತಕರಾರು ಎರಡಿವೆ. ಔಟ್‌ಪುಟ್ ಬರುವುದು ಕೊನೆಯ `UNIT` ಪ್ರಕಾರ. ತಲೆಬರಹದಲ್ಲಿ `KN METE` ಇದೆಯೇ ಎಂದು ಓದದೆ ಹೋಲಿಸಿದರೆ ಸರಿಯಾದ ಮೊಮೆಂಟೂ ಸಾವಿರ ಪಟ್ಟು ಕಾಣಬಹುದು. ಇನ್ನೊಂದು, ಭೂಕಂಪದ ತೂಕವನ್ನು `DEFINE 1893 LOAD` ಕೆಳಗೆ ಕೈಯಾರೆ ಮತ್ತೊಮ್ಮೆ ಕೊಟ್ಟಿದ್ದರೆ, ಲೋಡ್ ಕೇಸ್ ತಿದ್ದಿದರೂ ಅಲ್ಲಿ 0.42 ಹಾಗೇ ಕೂತಿರುತ್ತದೆ. ಅದನ್ನು ಬೇಸ್ ಶಿಯರ್‌ನಿಂದ ಹಿಡಿಯಬೇಕು. ತೂಕ 6896.7ಕ್ಕೆ ಮಹಡಿಗಳ ಲೈವ್ ಲೋಡಿನ ಕಾಲು ಭಾಗ 270 ಸೇರಿ 7166.7. ಪುಣೆ ಐಎಸ್ 1893ರ 2016ರ ಆವೃತ್ತಿಯಲ್ಲಿ ವಲಯ 3; I = 1, R = 5, Sa/g = 2.5 ಹಿಡಿದರೆ ಗುಣಾಂಕ 0.04, ಬೇಸ್ ಶಿಯರ್ ಸುಮಾರು 287. ಭೂಕಂಪದ ಕೇಸಿನ FX ಮೊತ್ತ 238ರ ಹತ್ತಿರ ಬಂದಿದ್ದರೆ ಆ ಬ್ಲಾಕಿನಲ್ಲಿ ಗೋಡೆ ಇನ್ನೂ ಟನ್ನಿನಲ್ಲೇ ಇದೆ.