ಡೆಲ್ಫಿಯಲ್ಲಿ ಒಮ್ಮತದ ಗೆರೆ: ಬರೀ 75ರ ನಿಯಮವೋ, 70/15ರ ಜೋಡಿ ನಿಯಮವೋ?

ಡೆಲ್ಫಿ ಎಂದರೆ ತಜ್ಞರಿಗೆ ಹೇಳಿಕೆಗಳನ್ನು ಸುತ್ತು ಸುತ್ತಾಗಿ ಕಳುಹಿಸಿ, ಅವರ ಅಂಕಗಳಿಂದ ಒಮ್ಮತ ಹುಡುಕುವ ವಿಧಾನ. 75ರ ನಿಯಮಕ್ಕೆ ಶೇ. 75 ಮಂದಿ ಒಪ್ಪಿದರೆ ಸಾಕು; 70/15ಕ್ಕೆ ಶೇ. 70 ಮಂದಿ ಒಪ್ಪಬೇಕು, ಜೊತೆಗೆ ವಿರೋಧಿಸುವವರು ಶೇ. 15ಕ್ಕಿಂತ ಕಡಿಮೆ ಇರಬೇಕು. ನನ್ನ ಒಲವು 70/15ರ ಕಡೆಗೆ. 75ರ ನಿಯಮವನ್ನು ನಂಬಿ ಒಮ್ಮೆ ಪೆಟ್ಟು ತಿಂದಿದ್ದೇನೆ.

ಮಧುಮೇಹಿಗಳ ಪಾದದ ಹುಣ್ಣಿನ ಆರೈಕೆಗೆ ಪ್ರೋಟೊಕಾಲ್ ರೂಪಿಸಲು ಬೆಂಗಳೂರಿನಿಂದ ಡೆಲ್ಫಿ ಅಧ್ಯಯನ ನಡೆಸಿದೆವು. ತಜ್ಞರು ಇಪ್ಪತ್ತು ಮಂದಿ. ನಗರದ ದೊಡ್ಡ ಆಸ್ಪತ್ರೆಗಳವರೇ ಹೆಚ್ಚು, ತಾಲ್ಲೂಕು ಆಸ್ಪತ್ರೆಗಳಿಂದ ನಾಲ್ವರು. ಪ್ರತಿ ಹೇಳಿಕೆಗೂ 1ರಿಂದ 9ರವರೆಗೆ ಅಂಕ. ಶೇ. 75 ಮಂದಿ 7ರಿಂದ 9ರೊಳಗೆ ಅಂಕ ಕೊಟ್ಟರೆ ಒಮ್ಮತ ಎಂದು ಮೊದಲೇ ಬರೆದುಕೊಂಡಿದ್ದೆವು.

ತೊಡಕಾದದ್ದು ಒಂದೇ ಹೇಳಿಕೆಯಿಂದ: ‘ಹುಣ್ಣಿನೊಂದಿಗೆ ಬಂದ ಪ್ರತಿ ರೋಗಿಗೂ ಮೊದಲ ಭೇಟಿಯಲ್ಲೇ ಕೈ ಡಾಪ್ಲರ್‌ನಿಂದ ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ ಅಳೆಯಬೇಕು.’ ಡಾಪ್ಲರ್ ಎಂದರೆ ರಕ್ತದ ಹರಿವನ್ನು ಶಬ್ದದಿಂದ ಪತ್ತೆ ಹಚ್ಚುವ ಸಣ್ಣ ಉಪಕರಣ; ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಈ ಅನುಪಾತ ತೋರಿಸುತ್ತದೆ. ಎರಡನೇ ಸುತ್ತಿನಲ್ಲಿ ಹದಿನೈದು ಮಂದಿ 7 ಅಥವಾ ಹೆಚ್ಚು ಕೊಟ್ಟರು. ಸರಿಯಾಗಿ ಶೇ. 75. ಹೇಳಿಕೆ ಗೆದ್ದಿತು, ಮೂರನೇ ಸುತ್ತಿಗೆ ಹೋಗಲೇ ಇಲ್ಲ. ಪ್ರೋಟೊಕಾಲ್ ಜಾರಿಯಾದ ಮೇಲೆ ಸಣ್ಣ ಆಸ್ಪತ್ರೆಗಳ ನಮೂನೆಗಳಲ್ಲಿ ಆ ಅಂಕಣ ಖಾಲಿಯಾಗಿಯೇ ಮರಳತೊಡಗಿತು. ಹಳೆಯ ಅಂಕಗಳನ್ನು ತೆಗೆದು ನೋಡಿದರೆ, ನಾಲ್ವರು 1 ಅಥವಾ 2 ಕೊಟ್ಟಿದ್ದರು. ನಾಲ್ವರೂ ತಾಲ್ಲೂಕಿನವರು, ಅವರಲ್ಲಿ ಡಾಪ್ಲರ್ ಇರಲಿಲ್ಲ. ಅದನ್ನು ಅವರು ಟಿಪ್ಪಣಿಯಲ್ಲಿ ಬರೆದೂ ಇದ್ದರು. ನಾನು ಗೆದ್ದ ಹೇಳಿಕೆಗಳ ಟಿಪ್ಪಣಿಗಳನ್ನು ಓದಿರಲಿಲ್ಲ. ಆ ತಪ್ಪು ನನ್ನದೇ, ಇಂದಿಗೂ ಮನಸ್ಸಿಗೆ ನೋವಾಗುತ್ತದೆ.

ಪರಿಷ್ಕರಣೆಯಲ್ಲಿ ಅದೇ ಇಪ್ಪತ್ತು ಜನರೊಂದಿಗೆ 70/15 ಬಳಸಿದೆವು. ಶೇ. 70 ಅಥವಾ ಹೆಚ್ಚು ಮಂದಿ 7ರಿಂದ 9 ಕೊಡಬೇಕು; ಜೊತೆಗೆ 1ರಿಂದ 3 ಕೊಟ್ಟವರು ಶೇ. 15ಕ್ಕಿಂತ ಕಡಿಮೆ ಇರಬೇಕು. ನಾಲ್ವರೆಂದರೆ ಶೇ. 20, ಆದ್ದರಿಂದ ಆ ಹಳೆಯ ಹೇಳಿಕೆ ಈ ಸಲ ಅಲ್ಲೇ ನಿಂತಿತು. ಪ್ರತಿಯೊಬ್ಬರಿಗೂ ಅವರದೇ ಹಿಂದಿನ ಅಂಕ, ಇಡೀ ಗುಂಪಿನ ಅಂಕಗಳ ಹಂಚಿಕೆ, ಹೆಸರಿಲ್ಲದ ಕಾರಣಗಳನ್ನು ಕಳುಹಿಸಿದೆವು. ಮುಂದಿನ ಸುತ್ತಿಗೆ ಹೇಳಿಕೆಯನ್ನೇ ತಿದ್ದಿದೆವು: ಡಾಪ್ಲರ್ ಇದ್ದಲ್ಲಿ ಅಳತೆ, ಇಲ್ಲದಲ್ಲಿ ಪಾದದ ನಾಡಿ ಮುಟ್ಟಿ ನೋಡುವುದು, ಸಿಗದಿದ್ದರೆ 24 ಗಂಟೆಯೊಳಗೆ ಮೇಲಿನ ಆಸ್ಪತ್ರೆಗೆ ಕಳುಹಿಸುವುದು. ಹದಿನೆಂಟು ಮಂದಿ ಒಪ್ಪಿದರು, ಒಬ್ಬರು ಮಾತ್ರ ವಿರೋಧಿಸಿದರು.

ಬರೀ ಮಧ್ಯಾಂಕ ನೋಡುವ ದಾರಿಯೂ ಇದೆ. ಹಳೆಯ ಹೇಳಿಕೆಯ ಮಧ್ಯಾಂಕ 8. ನಾಲ್ವರ ವಿರೋಧ ಅಲ್ಲೂ ಕಾಣುತ್ತಿರಲಿಲ್ಲ.

70/15ಕ್ಕೂ ಮಿತಿಯಿದೆ. ಹನ್ನೆರಡು ಜನರ ಗುಂಪಿನಲ್ಲಿ ಇಬ್ಬರು ಬೇಡವೆಂದರೆ ಸಾಕು, ಶೇ. 16.7 ಆಗಿ ಹೇಳಿಕೆ ನಿಂತುಬಿಡುತ್ತದೆ. ಒಂದು ಸುತ್ತು ಹೆಚ್ಚಾಯಿತು, ಅಂದರೆ ಇನ್ನೂ ಮೂರು ವಾರ ಮತ್ತು ಒಪಿಡಿ ಮುಗಿಸಿ ದಣಿದ ವೈದ್ಯರಿಗೆ ಮತ್ತೆ ನೆನಪೋಲೆಗಳು. ಖರ್ಚು ಮಾತ್ರ ಹೆಚ್ಚಲಿಲ್ಲ: ಎಕ್ಸೆಲ್ ಹಾಳೆಯಲ್ಲಿ ಒಂದು ಅಂಕಣ ಸೇರಿತು, ಅಷ್ಟೇ.

ಎರಡೂ ನಿಯಮಗಳನ್ನು ಕೆಡಿಸುವುದು ನಡುವೆ ಬಿಟ್ಟುಹೋಗುವವರು. ಆ ನಾಲ್ವರು ಉತ್ತರಿಸದೇ ಹೋಗಿದ್ದರೆ ಹದಿನಾರರಲ್ಲಿ ಹದಿನೈದು, ಶೇ. 94ರ ಒಮ್ಮತ ಕಾಣುತ್ತಿತ್ತು. ಹಾಗಾಗಿ ಈಗ ಪ್ರತಿ ಸುತ್ತಿನ ನಂತರ, ಉಳಿಯದವರ ಹಿಂದಿನ ಅಂಕಗಳನ್ನು ಮೊದಲು ನೋಡುತ್ತೇನೆ.