ಮಾರುಕಟ್ಟೆ ಫೋಟೊಗೆ ಒಂದು ಪ್ಯಾರಾ: ಪಟ್ಟಿಯೋ, ಕಥೆಯೋ, ವರ್ಣನೆಯೋ?

‘ಚಿತ್ರ ನೋಡಿ ಒಂದು ಪ್ಯಾರಾ ಬರೆಯಿರಿ’ ಅಂದರೆ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಮಕ್ಕಳು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಮೂರನ್ನೂ ಒಂದೇ ಫೋಟೊ ಮೇಲೆ ಬರೆಸಿ ನೋಡಿದೆ. ಗೌರಿ ಹಬ್ಬದ ಹಿಂದಿನ ದಿನದ ಗಾಂಧಿ ಬಜಾರಿನ ಫೋಟೊ ಅದು. ಮುಂದೆ ಒಬ್ಬ ಅಜ್ಜಿ ಸೇವಂತಿಗೆ ಮಾಲೆಯನ್ನು ಮೊಳ ಹಾಕುತ್ತಿದ್ದಾರೆ. ಎದುರಿಗೆ ಚೀಲ ಹಿಡಿದ ಹೆಂಗಸು. ಹಿಂದೆ ಬಾಳೆಕಂದು ತುಂಬಿದ ತಳ್ಳುಗಾಡಿ, ಅದರಾಚೆ ಜನ, ಆಟೊ.

ಮೊದಲನೆಯದು ಪಟ್ಟಿ. ‘ಅಜ್ಜಿ ಇದ್ದಾರೆ. ಹೂವು ಇದೆ. ಆಟೊ ಇದೆ.’ ವಾಕ್ಯ ಚಿಕ್ಕದು, ತಪ್ಪು ಕಡಿಮೆ. ಬರೆಯಲು ಹೆದರುವ ಮಗುವಿಗೆ ಶುರು ಮಾಡೋಕೆ ಸರಿ. ಆದರೆ ಆಟೊ ಎಲ್ಲಿದೆ? ಹೂವು ಯಾರ ಕೈಯಲ್ಲಿದೆ? ಓದಿದವರಿಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು ಕಥೆ. ‘ಅಜ್ಜಿ ಬೆಳಗಿನ ಜಾವವೇ ಎದ್ದು ಹೂವು ತಂದರು. ಮೊಮ್ಮಗಳ ಫೀಸು ಕಟ್ಟಬೇಕಿತ್ತು...’ ಓದಲು ಇದೇ ಚೆಂದ, ಮಕ್ಕಳಿಗೂ ಇದೇ ಇಷ್ಟ. ಆದರೆ ಮೂರನೇ ವಾಕ್ಯಕ್ಕೆ ಫೋಟೊ ಮಾಯ! ಮೊಮ್ಮಗಳು ಚಿತ್ರದಲ್ಲಿ ಎಲ್ಲಿದ್ದಾಳೆ? ಕ್ರಿಯಾಪದಗಳೂ ‘ತಂದರು, ಬಂದರು’ ಎಂದು ಭೂತಕಾಲಕ್ಕೆ ಜಾರುತ್ತವೆ. ಕೇಳಿದ್ದು ವರ್ಣನೆ ಅಲ್ವಾ?

ಮೂರನೆಯದು ಹತ್ತಿರದಿಂದ ದೂರಕ್ಕೆ ಹೋಗುವುದು. ಮೊದಲ ವಾಕ್ಯದಲ್ಲಿ ಇಡೀ ದೃಶ್ಯ, ಆಮೇಲೆ ಮುಂದಿರುವವರು ಏನು ಮಾಡುತ್ತಿದ್ದಾರೆ, ಆಮೇಲೆ ಹಿಂದಿನದು. ಒಬ್ಬ ಹುಡುಗಿ ಹೀಗೆ ಬರೆದಳು:

‘ಹಬ್ಬದ ಮುನ್ನಾದಿನ ಬೀದಿ ಬದಿಯ ಮಾರುಕಟ್ಟೆ ತುಂಬಿದೆ. ಮುಂಭಾಗದಲ್ಲಿ ಅಜ್ಜಿಯೊಬ್ಬರು ಸೇವಂತಿಗೆ ಮಾಲೆಯನ್ನು ಮೊಳ ಹಾಕಿ ಅಳೆಯುತ್ತಿದ್ದಾರೆ. ಎದುರಿಗೆ ನಿಂತ ಹೆಂಗಸು ಎರಡು ಬೆರಳು ತೋರಿಸುತ್ತಿದ್ದಾಳೆ, ಬಹುಶಃ ಎರಡು ಮೊಳ ಕೇಳುತ್ತಿರಬೇಕು. ಅವರ ಹಿಂದೆ ತಳ್ಳುಗಾಡಿಯಲ್ಲಿ ಬಾಳೆಕಂದುಗಳಿವೆ. ಅದರಾಚೆ ಜನರ ನಡುವೆ ಒಂದು ಆಟೊ ಸಿಕ್ಕಿಕೊಂಡಿದೆ.’

ಎರಡು ಬೆರಳು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ‘ಬಹುಶಃ’ ಎಂದದ್ದೂ ಜಾಣತನವೇ. ಊಹೆ ಮಾಡಿದ್ದಾಳೆ, ಆದರೆ ಅದಕ್ಕೆ ಬೆರಳಿನ ಸಾಕ್ಷಿ ಇದೆ. ಕಥೆ ಬರೆದವರ ಕಲ್ಪನೆಗೆ ಅದೇ ಇರಲಿಲ್ಲ.

ಆಮೇಲೆ ಫೋಟೊ ನೋಡದ ಮಕ್ಕಳಿಗೆ ಮೂರರಲ್ಲಿ ಒಂದೊಂದು ಪ್ಯಾರಾ ಕೊಟ್ಟು, ಓದಿ ಗೆರೆಚಿತ್ರ ಬರೆಯಲು ಹೇಳಿದೆ. ಪಟ್ಟಿ ಓದಿದವರು ಆಟೊವನ್ನು ಅಜ್ಜಿಯ ಪಕ್ಕದಲ್ಲೇ ನಿಲ್ಲಿಸಿದರು. ಕಥೆ ಓದಿದವರು ಮನೆ, ಮೊಮ್ಮಗಳನ್ನು ಬರೆದರು. ಮೂರನೆಯದನ್ನು ಓದಿದವರ ಚಿತ್ರದಲ್ಲಿ ಗಾಡಿ, ಆಟೊ ಎಲ್ಲ ಹೆಚ್ಚುಕಡಿಮೆ ಜಾಗಕ್ಕೆ ಬಂದಿದ್ದವು. ನನ್ನ ವೋಟು ಅದಕ್ಕೇ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಬರೆಯುವ ಮುಂಚೆ ಸುಮ್ನೆ ಕೂತು ಚಿತ್ರ ನೋಡಬೇಕು, ಅವಸರದ ಮಕ್ಕಳಿಗೆ ಅದೇ ಕಷ್ಟ. ಬರೀ ಟೊಮೆಟೊ ರಾಶಿ, ಅದನ್ನು ಆರಿಸುವ ಎರಡು ಕೈ ಮಾತ್ರ ಕಾಣುವಂಥ ಹತ್ತಿರದ ಫೋಟೊ ಬಂದರೆ ಹಿಂದೆ, ಆಚೆ ಎನ್ನಲು ಏನೂ ಇರುವುದಿಲ್ಲ. ಆಗ ಕೈ ಏನು ಮಾಡುತ್ತಿದೆ ಎಂಬುದರಿಂದ ಶುರು ಮಾಡಿ, ರಾಶಿಯ ಬಣ್ಣ, ಹಣ್ಣು ಕಾಯಿ ಬೆರೆತಿರುವುದು, ಅಂಚಿನಲ್ಲಿ ಕಾಣುವ ತಕ್ಕಡಿ ಅಂತ ಸುತ್ತ ಹೋಗಲು ಹೇಳುತ್ತೇನೆ.